ಮಾವನ ಗದ್ದೆ, ಆಷಾಢದ ಗಾಳಿ

ಹೆಮ್ಮಿಗೆಯಲ್ಲಿ ನಮ್ಮ ಮಾವನ ಗದ್ದೆ ಇರೋದು ಹೊಳೆ ದಡದಲ್ಲಿ. ಕಾವೇರಿ ತುಂಬಿದ ವರ್ಷ ನೀರು ಬದು ದಾಟಿ ಒಳಗೆ ಬರುತ್ತದೆ. ಅದರ ಮೇಲೊಂದು ಕಿರುಚಿತ್ರ ಮಾಡ್ತೀನಿ ಅಂದಾಗ ಮಾವ ಹೇಳಿದ್ದಿಷ್ಟೇ: "ನನ್ ಮೊಕ ಬುಡಪ್ಪ, ನೀರು ಎಲ್ಲೀಗಂಟ ಬತ್ತದೆ ಅಂತ ತೋರ್ಸು."

ಮಾವನ ಸುತ್ತ ಡ್ರೋನ್ ಗಿರಕಿ ಹೊಡೆಯುವ ಶಾಟ್ ನೋಡೋಕೆ ಚೆಂದ, ಹೇಳೋದು ಏನೂ ಇಲ್ಲ. ಕೈಬಿಟ್ಟೆ. ಅದರ ಬದಲು ಅವರ ಬೆನ್ನ ಹಿಂದೆ, ಭುಜದ ಎತ್ತರದಿಂದ ಡ್ರೋನನ್ನು ನಿಧಾನವಾಗಿ ನೇರ ಮೇಲಕ್ಕೆ ಏರಿಸಿದೆ. ಮೊದಲು ಬರೀ ಪೈರು, ಆಮೇಲೆ ಬದು, ಅದರಾಚೆಗೇ ಹೊಳೆ.

ಹಾರಿಸುವ ದಿನವೇ ಡಿಜಿಟಲ್ ಸ್ಕೈ ನಕ್ಷೆ ನೋಡಬೇಕು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಬೇರೆ ಅನುಮತಿ ಬೇಡ. ಹತ್ತಿರದ ತಲಕಾಡಿನ ಕೀರ್ತಿನಾರಾಯಣ ದೇವಸ್ಥಾನ ಸಂರಕ್ಷಿತ ಸ್ಮಾರಕ. ಅಲ್ಲಿಗೆ ಪುರಾತತ್ವ ಇಲಾಖೆಯ ಒಪ್ಪಿಗೆಯೇ ಬೇಕು.

ನಿಜವಾದ ಲೆಕ್ಕ ಗಾಳಿಯದು. ನೆಲದಲ್ಲಿ ಎಲೆ ಅಲ್ಲಾಡದಿದ್ದರೂ ತೆಂಗಿನ ಸುಳಿ ತೂಗುತ್ತಿದ್ದರೆ ಮೇಲೆ ಜೋರಿದೆ ಅಂತಲೇ ಅರ್ಥ. ಡ್ರೋನ್ ವೇಗ ಸೆಕೆಂಡಿಗೆ 10 ಮೀಟರ್, ಗಾಳಿ 6 ಮೀಟರ್ ಅನ್ನಿ. ಗಾಳಿಯ ಜೊತೆ 400 ಮೀಟರ್ ಹೋಗೋಕೆ 25 ಸೆಕೆಂಡ್ ಸಾಕು. ಎದುರು ಗಾಳಿಯಲ್ಲಿ ವಾಪಸ್ ಬರೋಕೆ 100 ಸೆಕೆಂಡ್. ಬ್ಯಾಟರಿ ಅರ್ಧವಿದೆ ಅಂತ ನಂಬಿದವರ ಡ್ರೋನ್ ಹೊಳೆಗೆ ಬೀಳೋದು ಹೀಗೇ.

ಆಷಾಢದಲ್ಲಿ ಇಲ್ಲಿ ಗಾಳಿ ಬೀಸುವುದು ನೈಋತ್ಯದಿಂದ. ಅದಕ್ಕೇ ಬ್ಯಾಟರಿ ತುಂಬಿರುವಾಗಲೇ ಆ ದಿಕ್ಕಿನ ಶಾಟ್ ಮುಗಿಸಿಕೊಳ್ತೀನಿ. ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಆದರೂ 40 ಪರ್ಸೆಂಟ್‌ಗೆ ಬಂದ ಕೂಡಲೇ ಇಳಿಸಿಬಿಡ್ತೀನಿ.