ಅತ್ತರಿನ ಅಂಗಡಿಯ ಮುಂದೆ

ಕಳೆದ ಬೇಸಗೆಯಲ್ಲಿ ಬಾಲ್ಯದ ಗೆಳೆಯನೊಬ್ಬನೊಡನೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆನು. ಮೊಮ್ಮಗಳ ಮದುವೆ ಸಮೀಪಿಸಿದ್ದರಿಂದ ಅವನಿಗೆ ಒಂದು ಸೀಸೆ ಅತ್ತರು ಬೇಕಾಗಿತ್ತು. ಅಂಗಡಿಯ ಮುಂದೆ ನಿಂತೊಡನೆಯೇ ನಮ್ಮಿಬ್ಬರ ಅಭಿರುಚಿಗಳು ಬೇರ್ಪಟ್ಟವು.

"ಮಲ್ಲಿಗೆಯದೇ ಆಗಬೇಕು. ಮದುವೆಯ ಮನೆಗೆ ಮಧುರ ಪರಿಮಳವೇ ಒಪ್ಪುವುದು" ಎಂದನು ಅವನು.

"ಈ ಸೆಕೆಯಲ್ಲಿ ಮಲ್ಲಿಗೆಯೇನಯ್ಯ? ನಿಂಬೆಯಂತೆ ಹಗುರವಾಗಿ, ಆಗತಾನೆ ಮಿಂದು ಬಂದಂತೆ ಇರಬೇಕು" ಎಂದೆನು ನಾನು.

ಅಂಗಡಿಯ ಹಿರಿಯರು ನಸುನಕ್ಕು, ಅವನ ಮಣಿಕಟ್ಟಿಗೆ ಮಲ್ಲಿಗೆಯನ್ನೂ ನನ್ನದಕ್ಕೆ ನಿಂಬೆಯ ಪರಿಮಳವನ್ನೂ ಒಂದೊಂದು ತೊಟ್ಟು ಹಚ್ಚಿದರು. "ಉಜ್ಜಬೇಡಿ, ತಾನಾಗಿ ಆರಲಿ. ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬನ್ನಿ. ಈಗ ಮೂಗಿಗೆ ಬರುವುದು ಮೊದಲ ಮಾತು ಮಾತ್ರ" ಎಂದರು.

ಮರಳಿ ಬಂದಾಗ ನನ್ನ ಕೈಯಲ್ಲಿ ನಿಂಬೆಯ ಸುಳಿವೇ ಇರಲಿಲ್ಲ. "ಎಲ್ಲಯ್ಯ ನಿನ್ನ ನಿಂಬೆ?" ಎಂದು ನಕ್ಕ ಗೆಳೆಯ, ತನ್ನ ಕೈಯನ್ನು ಮೂಸಿ ನೋಡಿ ಪೆಚ್ಚಾದನು. "ಅಯ್ಯೊ, ನನ್ನದೂ ಹೋಯಿತಲ್ಲ! ಇನ್ನೆರಡು ತೊಟ್ಟು ಹಾಕಿ" ಎಂದನು. ಆದರೆ ಎರಡು ಮಾರು ದೂರ ನಿಂತಿದ್ದ ನನಗೆ ಆ ಮಲ್ಲಿಗೆ ಚೆನ್ನಾಗಿಯೇ ಬರುತ್ತಿತ್ತು!

ಹಿರಿಯರು ಇದರ ಮರ್ಮವನ್ನು ಬಿಡಿಸಿದರು. ನಿಂಬೆಯ ಸಾರವು ಬಹಳ ಹಗುರ. ಮೈಯ ಕಾವಿಗೆ ಬೇಗನೆ ಆರಿಹೋಗುತ್ತದೆ. ಮಲ್ಲಿಗೆ, ಗಂಧಗಳ ಸಾರದಲ್ಲಿ ಭಾರವಾದ ಅಂಶ ಹೆಚ್ಚು. ಅವು ಗಂಟೆಗಟ್ಟಲೆ ನಿಲ್ಲುತ್ತವೆ. ಆದರೆ ನಮ್ಮ ಮೂಗು ನಮ್ಮದೇ ಪರಿಮಳಕ್ಕೆ ಕೆಲವೇ ನಿಮಿಷಗಳಲ್ಲಿ ಒಗ್ಗಿಬಿಡುತ್ತದೆ. ಅರವತ್ತು ದಾಟಿದ ಅನೇಕರಿಗೆ ಘ್ರಾಣಶಕ್ತಿಯೂ ಕುಂದುತ್ತದೆ. ಪರಿಮಳ ಹೋಯಿತೆಂದು ಭ್ರಮಿಸಿ ಅವರು ತೊಟ್ಟಿನ ಮೇಲೆ ತೊಟ್ಟು ಸುರಿದುಕೊಳ್ಳುತ್ತಾರೆ.

ಗೆಳೆಯ ಕ್ಷಣಕಾಲ ಸುಮ್ಮನಿದ್ದು ಕೇಳಿದನು: "ಈಚೆಗೆ ಸಭೆಗಳಲ್ಲಿ ನೀನು ನನ್ನ ಬಳಿ ಕೂರದೆ ಹಿಂದಿನ ಸಾಲಿಗೆ ಹೋಗುತ್ತಿದ್ದುದು ಇದಕ್ಕೇ ಏನು?"

ನಾನು ತಲೆ ತಗ್ಗಿಸಿದೆನು. ತಲೆನೋವೆಂದು ಹೇಳಲು ಸಂಕೋಚಪಟ್ಟು ದೂರ ಕುಳಿತಿದ್ದೆ. ಅವನು ಅದನ್ನು ಮುನಿಸೆಂದು ತಿಳಿದು ಒಳಗೇ ನೊಂದಿದ್ದನು.

ಹಿರಿಯರು ಇನ್ನೊಂದು ಸೀಸೆ ತೆರೆದರು. ಅದು ಲಾವಂಚದ ಬೇರಿನ ಸಾರ. ಮೊದಲ ಮಳೆಗೆ ನೆನೆದ ಮಣ್ಣಿನ ತಂಪು ಅದರಲ್ಲಿತ್ತು. ತಂಪಾದುದೆಲ್ಲ ಹಗುರವಲ್ಲ, ಲಾವಂಚದ ಎಣ್ಣೆ ಮಂದವಾದುದು, ಸಂಜೆಯವರೆಗೂ ನಿಲ್ಲುತ್ತದೆ. ನಾನು ಅದನ್ನು ಕೊಂಡೆನು. ಗೆಳೆಯ ಮಲ್ಲಿಗೆಯನ್ನು ಬಿಡಲಿಲ್ಲ. ಆದರೆ "ಒಂದೇ ತೊಟ್ಟು, ಸಾಕೋ ಬೇಕೋ ಎಂಬುದನ್ನು ನಿನ್ನ ಮೂಗೇ ಹೇಳಲಿ" ಎಂದನು.

ಮದುವೆಯ ದಿನ ಅವನ ಪಕ್ಕದಲ್ಲಿಯೇ ಕುಳಿತೆನು. ಮಲ್ಲಿಗೆ ಹಿತವಾಗಿಯೇ ಇತ್ತು.