ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ನಮ್ಮ ರಾಜ್ಯದಲ್ಲಿ ಬಿ.ಎಡ್. ಸೀಟು ಸಿಗುವುದು ಬಹುಮಟ್ಟಿಗೆ ಅಂಕಗಳ ಮೇಲೆ. ನೀವು ಯಾಕೆ ಮೇಷ್ಟರಾಗಬೇಕು ಎಂದು ಅರ್ಜಿ ಕೇಳುವುದಿಲ್ಲ. ಎಂಜಿನಿಯರಿಂಗ್ ಓದಿದವರಿಗೂ ಬಾಗಿಲು ತೆರೆದಿದೆ; ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ವಿಜ್ಞಾನ ಮತ್ತು ಗಣಿತ ಓದಿದ ಬಿ.ಇ. ಪದವೀಧರರಿಗೆ 55 ಶೇಕಡಾ ಅಂಕ ಇದ್ದರೆ ಸಾಕು. ಆದರೆ ಶಿಕ್ಷಣದಲ್ಲಿ ಪದವಿ ಕೊಡುವ ಕೆಲವು ವಿಶ್ವವಿದ್ಯಾಲಯಗಳು ಅಂಕದ ಜೊತೆಗೆ ಒಂದು ಬರಹವನ್ನೂ ಕೇಳುತ್ತವೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಎರಡು ಪುಟದಲ್ಲಿ ನಿಮ್ಮ ಉದ್ದೇಶ ಹೇಳಿ ಎನ್ನುವ ಈ ಪತ್ರ ನೋಡಲು ಸುಲಭ, ಬರೆಯಲು ಕೂತರೆ ಮೈಪರಚಿಕೊಳ್ಳುವಂಥದ್ದು.

ದೊಡ್ಡಪ್ಪನ ಮಗಳು ಅಕ್ಕ ಬೆಂಗಳೂರಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಕಳೆದ ವರ್ಷ ರಾಜೀನಾಮೆ ಕೊಟ್ಟು ಹುಲೇಕಲ್ಲಿನ ಮನೆಗೆ ಬಂದಳು. ಶಿಕ್ಷಣ ವಿಷಯದಲ್ಲೇ ಪಿಎಚ್‌.ಡಿ. ಮಾಡುತ್ತಿರುವವನು ನಾನಾದ್ದರಿಂದ ಪತ್ರದ ಮೊದಲ ಕರಡು ನನ್ನ ಕೈಗೆ ಬಂತು. ಮನೆಯಲ್ಲಿ ಯಾರಿಗೂ ಇದು ಹಿಡಿಸಿರಲಿಲ್ಲ. "ಇಂಜಿನಿಯರಿಂಗ್ ಓದಿ ಮಾಸ್ತರಿಕೆ ಮಾಡದಾ?" ಎಂದು ದೊಡ್ಡಪ್ಪ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಅವಳ ಉಳಿತಾಯ ಎರಡು ವರ್ಷಕ್ಕೆ ಸಾಲುವಷ್ಟಿತ್ತು, ಅದರಾಚೆಗೆ ಇರಲಿಲ್ಲ. ಈ ವರ್ಷ ಸೀಟು ಸಿಗದಿದ್ದರೆ ಮತ್ತೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು.

ಕರಡಿನ ಮುಕ್ಕಾಲು ಭಾಗ ಅವಳು ಬಿಟ್ಟು ಬಂದದ್ದರ ಬಗ್ಗೆಯೇ ಇತ್ತು. ಟ್ರಾಫಿಕ್ಕು, ರಾತ್ರಿ ಹನ್ನೊಂದರ ಮೀಟಿಂಗು, ಅರ್ಥವಿಲ್ಲದ ದುಡಿಮೆ. ಕೊನೆಯ ಪ್ಯಾರಾದಲ್ಲಿ ಮಾತ್ರ ಮಕ್ಕಳು ಬಂದಿದ್ದರು, ಅವರ ಕಣ್ಣುಗಳು ಹೊಳೆಯುತ್ತಿದ್ದವು. ಸುಳ್ಳೇನಲ್ಲ. ಆದರೆ ಆಯ್ಕೆ ಸಮಿತಿಯಲ್ಲಿ ಕೂತವರು ಇಂಥ ಹೊಳೆವ ಕಣ್ಣುಗಳನ್ನು ಒಂದೇ ದಿನದಲ್ಲಿ ಮೂವತ್ತು ಜೋಡಿ ಓದಿರುತ್ತಾರೆ. ಒಂದು ಕೆಲಸ ಬೇಸರವಾಯಿತು ಎನ್ನುವುದು ಇನ್ನೊಂದು ಕೆಲಸಕ್ಕೆ ಕಾರಣವಾಗುವುದಿಲ್ಲ. "ಬಿಟ್ಟಿದ್ದು ಯಂತಕ್ಕೆ ಹೇಳದು ಬ್ಯಾಡ್ದಾ ತಮಾ?" ಎಂದಳು. ಒಂದು ವಾಕ್ಯದಲ್ಲಿ ಹೇಳು ಎಂದೆ. ಉಳಿದ ಜಾಗದಲ್ಲಿ, ನೀನು ಯಾವುದಾದರೂ ಮಗು ಕಲಿಯುವುದನ್ನೋ ಕಲಿಯದಿರುವುದನ್ನೋ ಹತ್ತಿರದಿಂದ ನೋಡಿದ್ದರೆ ಅದನ್ನು ಬರೆ.

ನೋಡಿದ್ದಳು. ಆದರೆ ಅದು ಬರೆಯುವಂಥದ್ದು ಎಂದು ಅವಳಿಗೆ ಅನ್ನಿಸಿರಲಿಲ್ಲ.

ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದ. 52ರಲ್ಲಿ 27 ಕಳೆದರೆ 35 ಎಂದು ಬರೆಯುತ್ತಿದ್ದ. 63ರಲ್ಲಿ 48 ಕಳೆದರೆ 25. 74ರಲ್ಲಿ 31 ಕಳೆದರೆ ಮಾತ್ರ ಸರಿಯಾಗಿ 43. ಮನೆಯವರು ಹುಡುಗನಿಗೆ ಗಮನವಿಲ್ಲ ಎನ್ನುತ್ತಿದ್ದರು. ಅಕ್ಕನಿಗೆ ಹಾಗನ್ನಿಸಲಿಲ್ಲ, ತಪ್ಪುಗಳೆಲ್ಲ ಒಂದೇ ಜಾತಿಯವಾಗಿದ್ದವು. ಮೇಲಿನ ಅಂಕಿ ಯಾವುದು ಕೆಳಗಿನದು ಯಾವುದು ಎಂದು ನೋಡದೆ ಅವನು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದ. ಅವಳು ತನ್ನ ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದಳು:

```python
abs(2 - 7)   # 5
```

ಬಗ್ ಸಿಕ್ಕಿತು ಎಂದು ಖುಷಿಪಟ್ಟು ಅದನ್ನು ತಿದ್ದಿದಳು. ಮೇಲಿನ ಅಂಕಿ ಚಿಕ್ಕದಾದರೆ ಪಕ್ಕದಿಂದ ಒಂದು ದಶಕ ತಗೊಳ್ಳಬೇಕು ಎಂಬ ನಿಯಮವನ್ನು ಹತ್ತು ಸಲ ಹೇಳಿಸಿ, ಹತ್ತು ಸಲ ಮಾಡಿಸಿದಳು. ಮರುದಿನ 52ರಲ್ಲಿ 27 ಸರಿಯಾಗಿ 25 ಬಂತು. ಆದರೆ ನಿನ್ನೆಯವರೆಗೆ ಸರಿಯಿದ್ದ 74ರಲ್ಲಿ 31 ಈಗ 313 ಆಯಿತು. ಅವನು ಅಲ್ಲಿಯೂ ದಶಕ ತಗೊಂಡಿದ್ದ: ಹದಿನಾಲ್ಕರಲ್ಲಿ ಒಂದು ಹೋದರೆ ಹದಿಮೂರು, ಆರರಲ್ಲಿ ಮೂರು ಹೋದರೆ ಮೂರು. ಎಪ್ಪತ್ನಾಲ್ಕರಿಂದ ಏನನ್ನೋ ಕಳೆದರೆ ಮುನ್ನೂರಹದಿಮೂರು ಉಳಿಯುವುದು ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ಇನ್ನೂ ಒಂದಿತ್ತು. 40ರಲ್ಲಿ 18 ಕೊಟ್ಟು, ಹಳೆಯ ತಪ್ಪೇ ಮರಳಿದರೆ 38 ಬರೆಯುತ್ತಾನೆ ಎಂದು ಅವಳು ಕಾದಿದ್ದಳು. ಅವನು 30 ಬರೆದ. ಯಾಕೆ ಎಂದರೆ, "ಸೊನ್ನೇಲಿ ಏನೂ ಇಲ್ವಲ, ಎಲ್ಲಿಂದ ತೆಗೆಯೋದು?"

ಇದನ್ನು ಕೇಳಿ ನನಗೆ ಓದಿದ್ದೊಂದು ನೆನಪಾಯಿತು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ಪ್ರೋಗ್ರಾಮಿನ ಬಗ್‌ಗಳಂತೆ ಗುರುತಿಸಿ ಪಟ್ಟಿಮಾಡಿದರು. ಅಕ್ಕ ಕಂಡ ಮೂರೂ ತಪ್ಪುಗಳು ಆ ಸಂಶೋಧಕರಿಗೆ ಚೆನ್ನಾಗಿ ಗೊತ್ತಿರುವಂಥವೇ. ಮಗುವಿನ ತಪ್ಪಿಗೂ ತರ್ಕವಿದೆ ಎಂದು ತೋರಿಸಿದ್ದು ಅವರ ದೊಡ್ಡ ಕೆಲಸ. ಆದರೆ ಬ್ರೌನ್ ಜೊತೆಗೇ ಕೆಲಸ ಮಾಡಿದ ಕರ್ಟ್ ವ್ಯಾನ್‌ಲೆನ್ 1982ರ ಲೇಖನದ ತಲೆಬರಹದಲ್ಲೇ ಬಗ್‌ಗಳು ಸಾಲವು ಎಂದ. ಒಂದೇ ಮಗು ಕೆಲವು ದಿನ ಬಿಟ್ಟು ಅದೇ ಲೆಕ್ಕಗಳನ್ನು ಮಾಡಿದರೆ ಬಗ್ ಬದಲಾಗಿರುತ್ತದೆ. ಮಗು ತಪ್ಪು ಪ್ರೋಗ್ರಾಮನ್ನು ಓಡಿಸುತ್ತಿಲ್ಲ. ದಾರಿ ಕಾಣದೆ ನಿಂತ ಜಾಗದಲ್ಲಿ ಏನಾದರೂ ಉಪಾಯ ಮಾಡಿ ದಾಟುತ್ತಿದೆ. ಹಾಗಾಗಿ ತಿದ್ದಬೇಕಾದ್ದು ಒಂದು ಸಾಲನ್ನಲ್ಲ. ಅವನು ಎಲ್ಲಿ ನಿಂತ, ಯಾಕೆ ನಿಂತ ಎನ್ನುವುದನ್ನು ಹುಡುಕಬೇಕು.

ಹುಡುಕಿದ್ದಳು, ಪುಸ್ತಕವಿಲ್ಲದೆಯೇ. ಐದು ಹತ್ತರ ನೋಟು, ಎರಡು ಒಂದರ ನಾಣ್ಯ ಅವನ ಕೈಗೆ ಕೊಟ್ಟು ಇಪ್ಪತ್ತೇಳು ರೂಪಾಯಿ ಕೊಡು ಎಂದಳಂತೆ. ಹುಡುಗ ತಡವರಿಸದೆ ಒಂದು ನೋಟು ಮುರಿಸಿ ಹತ್ತು ನಾಣ್ಯ ತಗೊಂಡು, ಎರಡು ನೋಟು ಏಳು ನಾಣ್ಯ ಎಣಿಸಿ ಕೊಟ್ಟ. ಎಷ್ಟು ಉಳಿಯಿತು? ಇಪ್ಪತ್ತೈದು. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ ಹೀಗೇ ಕಂಡಿತ್ತು: ತಳ್ಳುಗಾಡಿಯ ಮುಂದೆ ಸರಿಯಾಗಿ ಬರುವ ಲೆಕ್ಕ ಕಾಗದದ ಮೇಲೆ ತಪ್ಪುತ್ತಿತ್ತು.

ಅಕ್ಕನಿಗೆ ತೊಡಕು ಕಂಡದ್ದು ಮಾತಿನಲ್ಲಿ. ಹುಡುಗನಿಗೆ ಯಾರೋ 'ಪಕ್ಕದ ಮನೆಯಿಂದ ಸಾಲ ತರೋದು' ಎಂದು ಕಲಿಸಿದ್ದರು. ಸಾಲ ಎಂದರೆ ವಾಪಸ್ ಕೊಡಬೇಕಲ್ಲ, ಯಾವಾಗ ಎಂದು ಅವನು ಕೇಳಿದ್ದನಂತೆ! ಕಳೆಯುವಾಗ ಹೊರಗಿನಿಂದ ಏನೂ ಬರುವುದಿಲ್ಲ. ಐವತ್ತೆರಡು ಐವತ್ತೆರಡಾಗಿಯೇ ಇರುತ್ತದೆ, ನಾಲ್ಕು ಹತ್ತು ಮತ್ತು ಹನ್ನೆರಡು ಬಿಡಿಯಾಗಿ ಕೂರುವ ಕ್ರಮ ಬದಲಾಗುತ್ತದೆ ಅಷ್ಟೇ. 'ಚಿಲ್ಲರೆ ಮಾಡಿಸು' ಎಂದಾಗ ಅವನಿಗೆ ಹೊಳೆಯಿತು. ಚಿಲ್ಲರೆ ಬೇಕಿಲ್ಲದಾಗ ನೋಟು ಯಾಕೆ ಮುರಿಸಬೇಕು ಎಂದು 313 ಕೂಡ ತಾನಾಗಿ ನಿಂತಿತು. ಆದರೆ 204ರಲ್ಲಿ 76 ಕೊಟ್ಟಾಗ ಮತ್ತೆ ಸಿಕ್ಕಿಬಿದ್ದ; ನೂರರ ನೋಟನ್ನು ನೇರ ನಾಣ್ಯ ಮಾಡಬೇಕೋ, ಮೊದಲು ಹತ್ತರ ನೋಟುಗಳನ್ನಾಗಿಸಬೇಕೋ ತಿಳಿಯಲಿಲ್ಲ. ಕೈಯಲ್ಲಿ ನೋಟಿದ್ದಾಗ ಗೊತ್ತಿದ್ದದ್ದು ಕಾಗದಕ್ಕೆ ಬರುವಾಗ ಎಲ್ಲಿ ಕಳೆದುಹೋಗುತ್ತದೆ ಎಂಬುದು ಅವಳಿಗೆ ಇನ್ನೂ ಗೊತ್ತಿಲ್ಲ.

ಈ ಗೊತ್ತಿಲ್ಲದಿರುವುದೇ ಪತ್ರದ ಮಧ್ಯಭಾಗವಾಯಿತು. ಮೊದಲ ಅರ್ಧದಲ್ಲಿ ಹುಡುಗ, 313, ನೋಟುಗಳು. ನಂತರ ಅವಳ ಹಳೆಯ ಕೆಲಸ, ಎರಡೇ ವಾಕ್ಯದಲ್ಲಿ: ತಪ್ಪಿನಲ್ಲಿ ಕ್ರಮ ಹುಡುಕುವುದು ಅಲ್ಲಿ ಅಭ್ಯಾಸವಾಯಿತು, ಆದರೆ ಅಲ್ಲಿ ಕಲಿತಂತೆ ತಿದ್ದಲು ಹೋದರೆ ಮಗು ಇನ್ನೊಂದು ತಪ್ಪಿಗೆ ದಾಟುತ್ತದೆ. ಆಮೇಲೆ ಈ ಕೋರ್ಸಿನಿಂದ ಏನು ಬೇಕು ಎಂಬುದು. ಎರಡು ವರ್ಷದ ಬಿ.ಎಡ್‌.ನಲ್ಲಿ 20 ವಾರ ಶಾಲೆಯಲ್ಲಿರಬೇಕು. ಒಬ್ಬನ ಜೊತೆ ಸಂಜೆಹೊತ್ತು ಮಾಡಿದ್ದನ್ನು ಇಡೀ ತರಗತಿಯಲ್ಲಿ, ನಮ್ಮ ಕಡೆಯ ಸಣ್ಣ ಶಾಲೆಗಳಂತೆ ಎರಡು ಮೂರು ಕ್ಲಾಸು ಒಂದೇ ಕೋಣೆಯಲ್ಲಿ ಕೂತಿರುವಾಗ, ಮಾಡಲು ಬರುತ್ತದೆಯೇ ಎಂದು ನೋಡಬೇಕು ಎಂದು ಬರೆದಳು. ಗಣಿತಕ್ಕೆ ಆ್ಯಪ್ ಮಾಡುವ ಪ್ಯಾರಾ ಒಂದಿತ್ತು, ಅವಳೇ ಹೊಡೆದುಹಾಕಿದಳು.

ನನಗೆ ಒಪ್ಪಿಗೆಯಾಗದೆ ಉಳಿದದ್ದು ಒಂದೇ ವಾಕ್ಯ. ಸಂಬಳ ಕಡಿಮೆಯಾಗುತ್ತದೆ, ಲೆಕ್ಕ ಹಾಕಿದ್ದೇನೆ ಎಂದು ಅವಳು ಬರೆದಿದ್ದಳು. ತೆಗೆ ಎಂದೆ, ಕೇಳಿದವರಿಗೆ ಹೇಳಿದರಾಯಿತು. ತೆಗೆಯಲಿಲ್ಲ. ಪತ್ರ ಕಳಿಸುವ ಮೊದಲು ದೊಡ್ಡಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳಂತೆ. ಅವನು ಸಂಬಳದ ಬಗ್ಗೆ ಏನೂ ಅನ್ನಲಿಲ್ಲ, ಆ ಹುಡುಗನಿಗೆ 204ರ ಲೆಕ್ಕ ಬಂತಾ ಎಂದು ಕೇಳಿದನಂತೆ. ಸಂದರ್ಶನ ಮುಂದಿನ ವಾರವಿದೆ.