ಹೊಟ್ಟೆ ಮುಟ್ಟಿ ನೋಡಿದ್ದರೆ

ಇದನ್ನ ಬರೆಯೋಕೆ ಮೊದಲು ತಂಗಿಯ ಒಪ್ಪಿಗೆ ತಗೊಂಡೀನಿ. "ಬರಿ ಅಕ್ಕಾ, ನನ್ನ ಹೆಸರೊಂದು ಹಾಕಬ್ಯಾಡ" ಅಂದಳು. ಹಂಗಾಗಿ ಆಕಿ ಹೆಸರಿಲ್ಲ. ದವಾಖಾನೆಗಳ ಹೆಸರೂ ಇಲ್ಲ, ಅದಕ್ಕ ನನ್ನ ಕಾರಣ ಬ್ಯಾರೆ ಅದಾವು. ಬರಹ ಉದ್ದ ಅದ, ಪುರಸೊತ್ತಾದಾಗ ಓದ್ರಿ. ಮನ್ಯಾಗ ಬಸುರಿ ಹೆಣ್ಮಗಳು ಇದ್ದರ ಇವತ್ತೇ ಓದ್ರಿ.

2019ರ ಆಗಸ್ಟ್ ಮೊದಲ ವಾರ. ತಂಗಿಗೆ ಮೂರನೇ ಬಸಿರು, ಎಂಟು ತಿಂಗಳು ತುಂಬ್ತಾ ಬಂದಿತ್ತು. ಗಂಡನ ಮನೆ ಭಾಲ್ಕಿ ಕಡೆ. ತವರು ಅಂದರೆ ಔರಾದ ತಾಲ್ಲೂಕಿನ ನಮ್ಮ ಹಳ್ಳಿ, ಊರ ಹೊರಗಿನ ನಮ್ಮ ಓಣಿ. ಬಾಣಂತನಕ್ಕ ಬಂದು ಆರು ದಿನ ಆಗಿತ್ತು. ನಾನು ಬೀದರದಿಂದ ಅವತ್ತೇ ಸಂಜೆ ಊರಿಗೆ ಹೋಗಿದ್ದೆ.

ರಾತ್ರಿ 2 ಗಂಟೆ ಸುಮಾರಿಗೆ ಎಬ್ಬಿಸಿದಳು. "ಅಕ್ಕಾ, ಹೊಟ್ಟಿ ಒಮ್ಮಿಗೇ ಹಿಡಕೊಂಡದ, ಬಿಡವಲ್ದು." ಅವ್ವ ಎದ್ದು ಬಂದು ಬ್ಯಾನಿ ಶುರುವಾಗ್ಯಾದ ಅಂದಳು. ನಾನೂ ಹಂಗೇ ಅನಕೊಂಡೆ. ಆದರೆ ಹೆರಿಗೆ ಬ್ಯಾನಿ ಅಲೆ ಹಂಗ ಬರ್ತದ, ಬಿಗೀತದ, ಸಡಿಲಾಗ್ತದ, ನಡುವೆ ಉಸಿರು ಬಿಡೋಕೆ ಪುರಸೊತ್ತು ಕೊಡ್ತದ. ಇದು ಕೊಡಲಿಲ್ಲ. ಹೊಟ್ಟೆ ಮ್ಯಾಲ ಕೈ ಇಟ್ಟೆ. ಹಲಗೆ ಮುಟ್ಟಿದಂಗ ಇತ್ತು, ಮೆತ್ತಗಾಗಲೇ ಇಲ್ಲ. ಕೈ ಸ್ವಲ್ಪ ಒತ್ತಿದರೂ ಚೀರಿದಳು. ಸೀರೆಗೆ ರಕ್ತ ತಾಗಿತ್ತು, ಕಪ್ಪಗ, ಅಂಗೈ ಅಗಲ ಅಷ್ಟೇ. "ಕೂಸು ಆಡ್ಲತ್ತದೇನು?" ಅಂತ ಕೇಳಿದೆ. ಸಂಜೆಯಿಂದ ಗೊತ್ತಾಗಿಲ್ಲ ಅಂದಳು.

108ಕ್ಕ ಫೋನ್ ಹಚ್ಚಿದೆವು. ಗಾಡಿ ಬರೋಕೆ ತಡ ಅಂದರು, ಪಕ್ಕದ ಮನೆ ತಮ್ಮ ತನ್ನ ಟಂಟಂ ತೆಗೆದ. ದಾರಿಯಲ್ಲಿ ಸಿಕ್ಕ ಮೊದಲ ದವಾಖಾನೆಗೆ ಹೋದೆವು.

ಅಲ್ಲಿ ನಡೆದಿದ್ದನ್ನ ಇದ್ದಂಗ ಬರೀತೀನಿ. ಡ್ಯೂಟಿ ಮ್ಯಾಲಿದ್ದವರು ಬಾಗಿಲಲ್ಲೇ ಯಾವ ಊರು, ಯಾವ ಓಣಿ ಅಂತ ಕೇಳಿದರು. ಓಣಿ ಹೇಳಿದರೆ ಮಿಕ್ಕಿದ್ದನ್ನ ಕೇಳೋದು ಬೇಕಾಗೋದಿಲ್ಲ, ನಿಮಗೆ ಗೊತ್ತದ. ಮಂಚದ ಮ್ಯಾಲ ಮಲಗಿಸಿದರು. ಬಿಪಿ ಪಟ್ಟಿಯನ್ನ ನನ್ನ ಕೈಗೆ ಕೊಟ್ಟು "ಕಟ್ಟು" ಅಂದರು, ನಾ ಕಟ್ಟಿದೆ. "120/80, ನಾರ್ಮಲ್ ಅದ." ರಕ್ತ ಎಷ್ಟು ಅಂತ ದೂರದಿಂದ ನೋಡಿ "ಇಷ್ಟೇನಾ" ಅಂದರು. ಹಿಂದಿನ ತಿಂಗಳ ಸ್ಕ್ಯಾನ್ ಚೀಟಿ ನೋಡಿ "ಎಲ್ಲಾ ಸರಿ ಅದ, ಬ್ಯಾನಿ ಇನ್ನೂ ಹಸಿ ಅದ, ಮುಂಜಾನೆ ಡಾಕ್ಟರ್ ಬರ್ತಾರ" ಅಂದರು. ಒಂದೂವರೆ ತಾಸು ಇದ್ದೆವು. ಅಷ್ಟೂ ಹೊತ್ತಿನಾಗ ಒಬ್ಬರ ಕೈಯೂ ಆಕಿ ಹೊಟ್ಟೆ ಮ್ಯಾಲ ಬೀಳಲಿಲ್ಲ.

ಈ ಬ್ಯಾನಿಯನ್ನ ಗುರುತಿಸೋದೇ ಕೈಯಿಂದ. ಅದು ನನಗ ಗೊತ್ತಾಗಿದ್ದು ಆಮ್ಯಾಲ.

ಬೀದರ ಶಹರಕ್ಕ ಮುಟ್ಟಿದಾಗ ಬೆಳಕು ಹರೀಲತ್ತಿತ್ತು. ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದು, ಏನೂ ಕೇಳೋಕೆ ಮೊದಲೇ ಎರಡೂ ಅಂಗೈ ಹೊಟ್ಟೆ ಮ್ಯಾಲ ಇಟ್ಟರು. ಇಟ್ಟು ತೆಗೀಲಿಲ್ಲ, ಸಡಿಲಾಗ್ತದೇನು ಅಂತ ಕಾದರು. ಆಗಲಿಲ್ಲ. ನಾಡಿ 124. "ತಾಯಿ ಕಾರ್ಡ್ ಕೊಡ್ರಿ" ಅಂದರು. ಭಾಲ್ಕಿ ಕಡೆ ಮಾಡಿಸಿದ ಕಾರ್ಡಿನಾಗ ಮೂರು ವಾರದ ಹಿಂದಿನ ಸಾಲಿತ್ತು: ಬಿಪಿ 150/100, ಕಾಲಿಗೆ ಬಾವು. ಬರೆದಿದ್ದರು. ಬರೆದವರು ಆಕಿಗೆ ಹೇಳಿರಲಿಲ್ಲ, ಗುಳಿಗೆ ಕೊಟ್ಟಿರಲಿಲ್ಲ, ಮುಂದಿನ ವಾರ ಮತ್ತ ಬಾ ಅಂತಲೂ ಅಂದಿರಲಿಲ್ಲ. ಆಕಿಗೆ ಅಕ್ಷರ ಬರ್ತದ, ಆದರೆ ಆ ಅಂಕಿ ಏನು ಹೇಳ್ತದ ಅಂತ ಯಾರು ಕಲಿಸಿದ್ದರು?

ಡಾಕ್ಟರಮ್ಮ ಆಗ ಹೇಳಿದ ಮಾತು ನಾ ಮರೆತಿಲ್ಲ. "150 ಇದ್ದ ಹೆಣ್ಮಗಳಿಗೆ 120 ಬಂದರೆ ಅದು ನಾರ್ಮಲ್ ಅಲ್ಲ. ರಕ್ತ ಒಳಗ ಹೋಗ್ಯಾದ ಅಂತ ಅರ್ಥ."

ಕೂಸು ಹೊಟ್ಟ್ಯಾಗ ಇರೋತನಕ ಅದರ ಅನ್ನ, ನೀರು, ಉಸಿರು ಎಲ್ಲಾ ಮಾಸಿನಿಂದ. ಮಾಸು ಗರ್ಭಚೀಲದ ಗೋಡೆಗೆ ಅಂಟಿಕೊಂಡಿರ್ತದ, ಕೂಸು ಹುಟ್ಟಿದ ಮ್ಯಾಲ ಬಿಟ್ಟುಕೊಂಡು ಬೀಳ್ತದ. ಕೆಲವರಿಗೆ ಕೂಸು ಒಳಗಿರುವಾಗಲೇ ಬಿಟ್ಟುಕೊಳ್ತದ. ಡಾಕ್ಟರರು ಇದಕ್ಕ ಅಬ್ರಪ್ಷನ್ ಅಂತಾರ. ಸುಮಾರು ನೂರು ಬಸಿರಿನಾಗ ಒಂದಕ್ಕ ಆಗೋದು. ಬಿಟ್ಟ ಜಾಗದಾಗ ರಕ್ತನಾಳ ಬಾಯಿ ತೆರೀತಾವ. ಆ ರಕ್ತ ಮಾಸಿಗೂ ಗೋಡೆಗೂ ನಡುವೆ ದಾರಿ ಮಾಡಿಕೊಂಡು ಕೆಳಗ ಬಂದರೆ ಸೀರೆಗೆ ಕಾಣ್ತದ. ದಾರಿ ಸಿಗದಿದ್ದರೆ ಅಲ್ಲೇ ಹಿಂದ ಕೂಡ್ತದ. ಹೊರಗ ಅಂಗೈ ಅಗಲ, ಒಳಗ ಲೀಟರ್. ಅದಕ್ಕೇ ಹೊಟ್ಟೆ ಕಲ್ಲಾಗೋದು, ಅದಕ್ಕೇ ನೋವು ಬಿಡದೆ ಹಿಡಿಯೋದು. ಕೆಲವರಿಗೆ ಹೊಟ್ಟೆಗಿಂತ ಬೆನ್ನೇ ಜಾಸ್ತಿ ನೋಯ್ತದ. "ಇಷ್ಟೇನಾ ರಕ್ತ" ಅನ್ನೋ ಮಾತು ಈ ಬ್ಯಾನ್ಯಾಗ ಯಾವತ್ತೂ ಸಮಾಧಾನದ ಮಾತಲ್ಲ.

ಸ್ಕ್ಯಾನ್ ಬಗ್ಗೆನೂ ಹೇಳಬೇಕು, ನಮ್ಮ ಜನ ಸ್ಕ್ಯಾನ್ ಅಂದರೆ ಮುಗೀತು ಅಂತಾರ. ಹಸಿ ರಕ್ತ ಪರದೆ ಮ್ಯಾಲ ಮಾಸಿನಂಗೇ ಕಾಣ್ತದ. ಅರ್ಧಕ್ಕಿಂತ ಹೆಚ್ಚು ಸಲ ಸ್ಕ್ಯಾನಿಗೆ ಇದು ಸಿಗೋದೇ ಇಲ್ಲ. ಸ್ಕ್ಯಾನ್ ಬೇಕಾಗೋದು ಮುಖ್ಯವಾಗಿ ಮಾಸು ಗರ್ಭಚೀಲದ ಬಾಯಿಗೆ ಅಡ್ಡ ಕುಂತದೇನು ಅಂತ ನೋಡೋಕೆ. ಆ ತೊಂದರೆನೇ ಬ್ಯಾರೆ, ಅದರಾಗ ಸಾಮಾನ್ಯವಾಗಿ ನೋವಿರೋದಿಲ್ಲ, ರಕ್ತ ಕೆಂಪಗ ಹೋಗ್ತದ. ಅದು ಖಾತ್ರಿ ಆಗೋತನಕ ಕೆಳಗಿಂದ ಬೆರಳು ಹಾಕಿ ಪರೀಕ್ಷೆ ಮಾಡಬಾರದು. ಆದರೆ ಹೊರಗಿಂದ ಹೊಟ್ಟೆ ಮುಟ್ಟೋಕೆ ಯಾವ ಅಡ್ಡಿ? ಇದಕ್ಕ ಮಷೀನ್ ಬೇಕಿಲ್ಲ, ಕರೆಂಟ್ ಬೇಕಿಲ್ಲ. ಒಂದು ಕೈ ಬೇಕು, ಆ ಕೈಗೆ ನಮ್ಮ ಮೈ ಹೇಸಿಗೆ ಅನಿಸಬಾರದು.

ಡಾಕ್ಟರಮ್ಮ ಎರಡೂ ಕೈಗೆ ದಪ್ಪ ಸೂಜಿ ಹಾಕಿ ಸಲೈನ್ ಬಿಟ್ಟರು. ಆಮ್ಯಾಲ ಗಾಜಿನ ಸಣ್ಣ ಕೊಳವಿಯಾಗ ಚೂರು ರಕ್ತ ತಗೊಂಡು ಮುಷ್ಟಿಯಾಗ ಬೆಚ್ಚಗ ಹಿಡಕೊಂಡು ನಿಂತರು, ಗಡಿಯಾರ ನೋಡಕೋತ. ಏನು ಮಾಡ್ಲತ್ತೀರಿ ಮೇಡಂ ಅಂದೆ. "ಹೆಪ್ಪುಗಟ್ಟಬೇಕು. 7 ನಿಮಿಷಕ್ಕೂ ಗಟ್ಟಿ ಆಗಲಿಲ್ಲ ಅಂದರೆ ತೊಂದರೆ." 7 ನಿಮಿಷ ಆತು, ಕೊಳವಿ ವಾಲಿಸಿದರು, ನೀರಿನಂಗೇ ಹರೀತು. ಮಾಸಿನ ಹಿಂದ ಕೂಡಿದ ರಕ್ತ ಹೆಪ್ಪಾಗೋಕೆ ಮೈಯಾಗಿನ ಹೆಪ್ಪುಗಟ್ಟೋ ಸತ್ವ ಎಲ್ಲಾ ಖರ್ಚಾಗಿ ಹೋಗಿತ್ತು. ಇನ್ನ ಎಲ್ಲಿ ಗಾಯ ಆದರೂ ನಿಲ್ಲೋದಿಲ್ಲ. ಸೂಜಿ ಚುಚ್ಚಿದ ಜಾಗದಿಂದಲೂ ಜಿನುಗ್ಲತ್ತಿತ್ತು.

ಕೂಸಿನ ಬಡಿತ ಇರಲಿಲ್ಲ.

ನಮ್ಮ ಭಾವ, ಅಂದರೆ ತಂಗಿ ಗಂಡ, ಭಾಲ್ಕಿಯಿಂದ ಬಂದವನು ಜಗಳಕ್ಕ ನಿಂತ. "ಆಪರೇಶನ್ ಯಾಕ ಮಾಡವಲ್ರಿ? ನಾವು ಬಡವರಂತ ಬಿಟ್ಟೀರೇನು?" ಹಿಂದಿನ ದವಾಖಾನೆ ನೋಡಿ ಬಂದ ನಾನೂ ಹಂಗೇ ಅನಕೊಂಡಿದ್ದೆ. ಡಾಕ್ಟರಮ್ಮ ಸಿಟ್ಟಾಗದೆ ತಿಳಿಸಿ ಹೇಳಿದರು. ಕೂಸು ಜೀವಂತ ಇದ್ದಿದ್ದರೆ ತಡ ಮಾಡದೆ ಕೊಯ್ದು ತೆಗೀತಿದ್ದರು. ಈಗ ಕೂಸು ಹೋಗ್ಯಾದ, ರಕ್ತ ಹೆಪ್ಪುಗಟ್ಟವಲ್ದು, ಹೊಟ್ಟೆ ಕೊಯ್ದರೆ ಆ ಗಾಯದಿಂದಲೇ ತಾಯಿ ಹೋಗ್ತಾಳ. ನೀರಿನ ಚೀಲ ಒಡೆದು, ಬ್ಯಾನಿ ಬರೋ ಔಷಧಿ ಹಾಕಿ ಕೆಳಗಿಂದಲೇ ಹೆರಿಗೆ ಮಾಡಿಸಬೇಕು, ಅಷ್ಟರಾಗ ರಕ್ತ, ಪ್ಲಾಸ್ಮಾ ಏರಿಸಬೇಕು. ಮಾಸು ಬಿಟ್ಟು ಕೂಸು ಹೋಗಿದ್ದರೆ ತಾಯಿ ಒಂದು ಲೀಟರಿಗೂ ಮ್ಯಾಲ ರಕ್ತ ಕಳಕೊಂಡಾಳ ಅಂತಲೇ ತಿಳಕೊಂಡು ನಡೀಬೇಕಂತ.

ನಮ್ಮ ಹುಡುಗರಿಗೆ ಫೋನ್ ಹಚ್ಚಿದೆ. ಏಳು ಮಂದಿ ಬಂದರು. ಮಧ್ಯಾಹ್ನ 12ರ ಒಳಗ ಹೆರಿಗೆ ಆತು. ಹೆಣ್ಣು ಕೂಸು. ಅದರ ಹಿಂದೇ ಮಾಸು, ಮಾಸಿನ ಜೊತಿ ಲಿವರಿನಂಗ ಕಪ್ಪು ಹೆಪ್ಪು, ಒಂದು ಬೋಗುಣಿ ತುಂಬ. ಆಮ್ಯಾಲೂ ಗರ್ಭಚೀಲ ಬಿಗಿಯದೆ ರಕ್ತ ಹೋಗ್ಲತ್ತಿತ್ತು, ಅದಕ್ಕ ಮತ್ತೆರಡು ತಾಸು ಗುದ್ದಾಡಿದರು. ತಂಗಿ ಉಳಿದಳು.

ಮೂರನೇ ದಿನ ಅತ್ತಿ ಬಂದು ಶುರು ಮಾಡಿದಳು. ಜುಲೈದಾಗ ಗ್ರಹಣ ಆಗಿತ್ತಲ್ಲ, ಆ ರಾತ್ರಿ ಈಕಿ ಹೊರಗ ಹೋಗಿದ್ದಳಂತ, ಅದಕ್ಕೇ ಹಿಂಗಾತು. ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾ ಕಾರ್ಡ್ ತೆಗೆದು ಅತ್ತಿ ಮುಂದ ಹಿಡಿದೆ. ಗ್ರಹಣ ಇಲ್ಲಿ ಬರೆದದ ನೋಡ್ರಿ ಮೌಶಿ, 150/100 ಅಂತ.

ಬಿಪಿ ಇದಕ್ಕ ದೊಡ್ಡ ಕಾರಣ. 140/90 ಮುಟ್ಟಿತು ಅಂದರೆ ಆ ಬಸಿರಿನ ಮ್ಯಾಲ ಕಣ್ಣಿಡಬೇಕು. ಹಿಂದಿನ ಬಸಿರಿನಾಗ ಒಮ್ಮೆ ಮಾಸು ಬಿಟ್ಟಿದ್ದರೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ಬೀಡಿ ಸೇದೋದು, ಅವಳಿ ಕೂಸು, ತಿಂಗಳು ತುಂಬೋ ಮೊದಲೇ ನೀರು ಹೋಗೋದು, 35 ದಾಟಿದ ಮ್ಯಾಲಿನ ಬಸಿರು, ಮ್ಯಾಲಿಂದ ಮ್ಯಾಲ ಹೆರಿಗೆ, ಇವೂ ಸೇರ್ತಾವ. ಕೆಲವರಿಗೆ ಇದ್ಯಾವುದೂ ಇಲ್ಲದೆನೂ ಆಗ್ತದ. ತಂಗಿಗೆ ರಕ್ತ ಕಮ್ಮಿ ಇತ್ತು, ಹಿಮೋಗ್ಲೋಬಿನ್ 8. ಅದರಿಂದ ಮಾಸು ಬಿಡ್ತು ಅಂತಲ್ಲ, ಆದರೆ ಇರೋದೇ ಕಮ್ಮಿ ಇದ್ದವಳಿಗೆ ಹೋಗೋದನ್ನ ತಡಕೊಳ್ಳೋ ತಾಕತ್ತು ಎಲ್ಲಿಂದ ಬರಬೇಕು.

ಇನ್ನೊಂದು ಕಾರಣ ನಮ್ಮ ಸಭೆಗಳಾಗ ಗಂಡಸರ ಮುಂದ ಹೇಳಿದರೆ ಎಲ್ಲರೂ ಕೆಳಗ ನೋಡ್ತಾರ. ಹೊಟ್ಟೆಗೆ ಬೀಳೋ ಏಟು. ಒದ್ದದ್ದು, ನೂಕಿದ್ದು, ಬೈಕಿನಿಂದ ಬಿದ್ದದ್ದು. ಏಟು ಬಿದ್ದಾಗ ನೋವಿರದಿದ್ದರೂ ಮಾಸು ತಾಸುಗಳ ಮ್ಯಾಲ ಬಿಡಬಹುದು, ಹೆಚ್ಚಾಗಿ ಒಂದು ದಿನದ ಒಳಗ. ಅದಕ್ಕೇ ಏಟು ಬಿದ್ದ ಬಸುರಿಯನ್ನ ಕನಿಷ್ಠ 4 ತಾಸು ದವಾಖಾನೆಯಾಗ ಇಟ್ಟು ಕೂಸಿನ ಬಡಿತ ನೋಡಬೇಕು. "ಬಾಗಿಲು ಬಡೀತು" ಅಂತ ಹೇಳಿ ಮನಿಗೆ ಬಂದುಬಿಡ್ತಾರ ನಮ್ಮ ಹೆಣ್ಮಕ್ಕಳು. ಅಣ್ಣತಮ್ಮಂದಿರೇ, ಹೊರಗಿನವರ ದೌರ್ಜನ್ಯದ ಬಗ್ಗೆ ಬರೆದಾಗ ನೀವು ಹಾಕೋ ಲೈಕು ಇದಕ್ಕೂ ಹಾಕ್ರಿ.

ಮುಂದ ಎರಡು ವರ್ಷ ಮನ್ಯಾಗ ಗಂಡು ಬೇಕು ಅನ್ನೋ ಮಾತು ನಡೀತು. ತಂಗಿ ತಾನೇ ಬೀದರಕ್ಕ ಬಂದು ಡಾಕ್ಟರಮ್ಮನ್ನ ಕೇಳಿದಳು, ಮತ್ತ ಹಿಂಗಾಗ್ತದೇನು ಅಂತ. ಇಪ್ಪತ್ತು ಮಂದಿಯಾಗ ಒಬ್ಬಳಿಂದ ಹತ್ತರಾಗ ಒಬ್ಬಳಿಗೆ ಮತ್ತೆ ಆಗಬಹುದು ಅಂದರು. ಬೇಕಂದರೆ ಮೊದಲಿಂದಲೇ ಬಿಪಿ ನೋಡಬೇಕು, ಬಿಪಿ ಏರದಂಗ ಮೂರು ತಿಂಗಳಿಗೇ ಸಣ್ಣ ಆಸ್ಪಿರಿನ್ ಗುಳಿಗೆ ಶುರು ಮಾಡಬೇಕು, ಕಡೀ ತಿಂಗಳು ಶಹರದಾಗೇ ಇರಬೇಕು. ತಂಗಿ ಕೇಳಿಸಿಕೊಂಡು ಬಂದು 2021ರಾಗ ಆಪರೇಶನ್ ಮಾಡಿಸಿಕೊಂಡಳು. ಅತ್ತಿಗೆ ಹೇಳಲಿಲ್ಲ.

ಈಗ ಭಾಲ್ಕಿ ಕಡೆ ತನ್ನ ಓಣ್ಯಾಗ ಆಕಿನೇ ತಾಯಿ ಕಾರ್ಡ್ ಓದ್ತಾಳ. ಹೋದ ತಿಂಗಳು ಏಳು ತಿಂಗಳ ಬಸುರಿ ಒಬ್ಬಳ ಕಾರ್ಡಿನಾಗ 146/94 ಕಂಡಳಂತ. ಆಶಾ ತಾಯಿಯನ್ನ ಕರಕೊಂಡು ಅವತ್ತೇ ದವಾಖಾನೆಗೆ ಹೋದಳು. ಅಲ್ಲಿಯವರು ದೂರ ನಿಂತು ಮಾತಾಡಿದಾಗ ತಂಗಿ ಅಂದದ್ದು ಇಷ್ಟು: "ಮೇಡಂ, ಬಿಪಿ ಪಟ್ಟಿ ನೀವೇ ಕಟ್ರಿ. ಹೊಟ್ಟೆ ಮ್ಯಾಲ ಕೈ ಇಟ್ಟು ನೋಡ್ರಿ. ನೋಡೋತನಕ ನಾವು ಏಳೋದಿಲ್ಲ."

ನೋಡಿದರಂತ.